ನೋಟಿಸಿನ ಫೋಟೋ ಕಳಿಸುವ ಮುನ್ನ

ಇಟಿಕ್ಯಾಲ, ಗದ್ವಾಲ, ಮಕ್ತಲ್ ಕಡೆಯ ಕನ್ನಡದ ಮನೆಗೆ ವಕೀಲರ ನೋಟಿಸು ಬರುವುದು ಇಂಗ್ಲಿಷಿನಲ್ಲೋ ತೆಲುಗಿನಲ್ಲೋ. ಅದರ ಫೋಟೋ ತೆಗೆದು, 'ಕನ್ನಡದಾಗ ಬರದು ಕೊಡ್ರಿ' ಎಂದು ರಾಯಚೂರಿನ ನೆಂಟರಿಗೆ ಕಳಿಸುತ್ತೀರಿ. ಕಳಿಸಿ, ಆದರೆ ಸ್ವಲ್ಪ ಜೋಪಾನ.

ಚೆಕ್ ಬೌನ್ಸ್ ನೋಟಿಸನ್ನೇ ನೋಡಿ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, 1881ರ ಕಲಂ 138ರ ಪ್ರಕಾರ ಹಣ ಕಟ್ಟಲು 15 ದಿನ ಗಡುವು. ಅದು ನೋಟಿಸು ಕೈಸೇರಿದ ದಿನದಿಂದ, ಬರೆದ ದಿನದಿಂದಲ್ಲ. ಮಾರ್ಚ್ 3ರ ನೋಟಿಸು 10ರಂದು ಸಿಕ್ಕಿದರೆ ಗಡುವು 25ಕ್ಕೆ ಮುಗಿಯುತ್ತದೆ. 'ಹದಿನೈದು ದಿನದಾಗ ಕಟ್ಟಬೇಕಂತ' ಎಂದಷ್ಟೇ ಬರೆದುಕೊಟ್ಟರೆ ಈ ಲೆಕ್ಕ ತಪ್ಪುತ್ತದೆ.

ಹಾಗಾಗಿ ಹಾಳೆ ಬಿಡಿಸಿ, ನಾಲ್ಕು ಮೂಲೆಯೂ ಹಿಂಬದಿಯೂ ಕಾಣುವಂತೆ ಫೋಟೋ ತೆಗೆಯಿರಿ. ಅಂಚೆ ಮುದ್ರೆಯಿರುವ ಲಕೋಟೆಯದೂ ಇರಲಿ. ನೋಟಿಸು ಸಿಕ್ಕ ದಿನವನ್ನು ಲಕೋಟೆಯ ಮೇಲೆ ಬರೆದಿಡಿ. 138(b) ಎಂಬುದು ಮಬ್ಬು ಫೋಟೋದಲ್ಲಿ 138(6) ಆಗಿಬಿಡುತ್ತದೆ. ಕಲಂ, ತಾರೀಖು, ಮೊತ್ತ, ಚೆಕ್ ನಂಬರನ್ನು ಮೂಲದಲ್ಲಿದ್ದಂತೆಯೇ ಇಳಿಸಲು ಹೇಳಿ. 'ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು' ಎಂಬುದನ್ನು 'ಕೇಸು ಹಾಕಬಹುದು' ಎಂದು ಮೆತ್ತಗೆ ಮಾಡಿಸಬೇಡಿ.

ಅನುವಾದ ನಿಮಗೆ ತಿಳಿಯಲಿಕ್ಕೆ. ವಕೀಲರ ಬಳಿ ಹೋಗುವಾಗ ಮೂಲ ಹಾಳೆಯನ್ನೇ ಒಯ್ಯಿರಿ, ಅದೂ ಗಡುವಿನೊಳಗೆ.