ಲೋಳೆಸರದ ಜೆಲ್ ಕೆಟ್ಟಿದ್ದೇಕೆ?

*ಮೇಡಂ, ಅಂಗಡಿ ಕ್ರೀಮಿನ ಕೆಮಿಕಲ್ ಬೇಡವೆಂದು ಲೋಳೆಸರದ ತಿರುಳನ್ನು ರೋಸ್ ವಾಟರ್ ಜೊತೆ ಮಿಕ್ಸಿಗೆ ಹಾಕಿ ಮುಖಕ್ಕೆ ಜೆಲ್ ಮಾಡಿಟ್ಟೆ. ಕೆಡದಿರಲಿ ಎಂದು ಎರಡು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದ್ದೆ, ಬಾಟಲಿಯನ್ನೂ ಕುದಿನೀರಲ್ಲಿ ತೊಳೆದಿದ್ದೆ. ಹತ್ತು ದಿನಕ್ಕೆ ನೀರು ಬಿಟ್ಟುಕೊಂಡು ಹುಳಿ ವಾಸನೆ ಬಂದಿದೆ. ಮೇಲಿನ ಪೊರೆ ತೆಗೆದು ಉಳಿದದ್ದನ್ನು ಬಳಸಬಹುದೇ? ಓರಗಿತ್ತಿಗೂ ಒಂದು ಡಬ್ಬಿ ಕೊಟ್ಟಿದ್ದೇನೆ. ಕೆಡದಂತೆ ಇನ್ನೇನು ಹಾಕಲಿ?*
*— ಹೆಸರು ಬೇಡ, ದಾವಣಗೆರೆ*

ಮೊದಲು ಓರಗಿತ್ತಿಗೆ ಫೋನ್ ಮಾಡಿ, ಆ ಡಬ್ಬಿಯನ್ನು ಚೆಲ್ಲಲು ಹೇಳಿ. ನಿಮ್ಮದನ್ನೂ ಚೆಲ್ಲಿ. ಪೊರೆ ಕಂಡದ್ದು ಮೇಲೆ ಮಾತ್ರ, ಸೂಕ್ಷ್ಮಾಣುಗಳು ಇಡೀ ಬಾಟಲಿಯಲ್ಲಿವೆ. ನಿಜ ಹೇಳಬೇಕೆಂದರೆ ವಾಸನೆ ಬರುವುದಕ್ಕೂ ಎಷ್ಟೋ ಮೊದಲೇ ಅದು ಕೆಟ್ಟಿತ್ತು. ಒಂದು ಹನಿಯಲ್ಲಿ ಸಾವಿರಾರು ಬ್ಯಾಕ್ಟೀರಿಯಾ ಇದ್ದರೂ ಜೆಲ್ ತಿಳಿಯಾಗಿಯೇ ಕಾಣುತ್ತದೆ. ಮೊಡವೆ ಒಡೆದ ಜಾಗಕ್ಕೋ ಕಣ್ಣಿನ ಅಂಚಿಗೋ ಅಂಥದ್ದು ತಾಗಿದರೆ ಸೋಂಕಾಗಬಹುದು. ಕಣ್ಣು ಕೆಂಪಾಗಿ ನೋಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಕೆಡಲು ಕಾರಣ ನೀರು. ಬೆಳಗ್ಗೆ ರುಬ್ಬಿದ ಕಾಯಿಚಟ್ನಿ ಸಂಜೆಗೆ ಹಳಸುತ್ತದೆ, ಚಟ್ನಿಪುಡಿ ತಿಂಗಳುಗಟ್ಟಲೆ ಇರುತ್ತದೆ ಅಲ್ಲವೇ, ಲೆಕ್ಕ ಅದೇ. ಬ್ಯಾಕ್ಟೀರಿಯಾ, ಬೂಷ್ಟು ಎರಡಕ್ಕೂ ಬೆಳೆಯಲು ನೀರು ಬೇಕು. ಲೋಳೆಸರದಲ್ಲಿ ನೀರೇ ಹೆಚ್ಚು, ಜೊತೆಗೆ ಅವಕ್ಕೆ ಆಹಾರವಾಗುವ ಸಕ್ಕರೆಯಂಥ ಅಂಶಗಳೂ ಇವೆ. ಬಾಟಲಿಯನ್ನು ಎಷ್ಟೇ ಕುದಿಸಿ ತೊಳೆದರೂ ಎಲೆ, ಮಿಕ್ಸಿ ಜಾರು, ದಿನವೂ ಅದ್ದುವ ಬೆರಳು ಇವುಗಳಿಂದ ಸೂಕ್ಷ್ಮಾಣು ಒಳಗೆ ಹೋಗೇ ಹೋಗುತ್ತವೆ. ಫ್ರಿಜ್‌ನಲ್ಲಿಟ್ಟರೆ ಅವು ನಿಧಾನವಾಗಿ ಬೆಳೆಯುತ್ತವೆ, ಅಷ್ಟೇ.

ವಿಟಮಿನ್ ಇ ಹಾಕಿದರೆ ಕೆಡುವುದಿಲ್ಲ ಎಂದು ಯಾರು ಹಬ್ಬಿಸಿದರೋ ಗೊತ್ತಿಲ್ಲ, ವಾರಕ್ಕೊಂದು ಪತ್ರದಲ್ಲಾದರೂ ಅದು ಇರುತ್ತದೆ. ಎಣ್ಣೆ ಗಾಳಿಗೆ ಕಮಟಾಗುವುದನ್ನು ಅದು ತಡೆಯುತ್ತದೆ, ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ. ನೀವು ತಪ್ಪಿಸಿಕೊಳ್ಳಲು ಹೊರಟ ಆ ‘ಕೆಮಿಕಲ್’ಗಳಲ್ಲಿ ಕೆಲವು ಇದೇ ಕೆಲಸಕ್ಕೆಂದು ಇರುವಂಥವು. ತಂದು ಹಾಕಲೇ ಎಂದು ಕೇಳಬೇಡಿ. ಸೋಡಿಯಂ ಬೆಂಜೊಯೇಟ್ ಹುಳಿ ಸಾಕಷ್ಟಿರುವ ಮಿಶ್ರಣದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಫೀನಾಕ್ಸಿಎಥನಾಲನ್ನು ನೂರು ಗ್ರಾಮಿಗೆ ಒಂದು ಗ್ರಾಮಿಗಿಂತ ಹೆಚ್ಚು ಹಾಕುವಂತಿಲ್ಲ, ಬೂಷ್ಟಿನ ಮೇಲೆ ಅದರ ಹಿಡಿತವೂ ಕಡಿಮೆ. ಹಾಕಿದ್ದು ಕೆಲಸ ಮಾಡಿತೇ ಎಂದು ತಿಳಿಯಲು ಲ್ಯಾಬ್ ಪರೀಕ್ಷೆಯೇ ಬೇಕು.

ಅದಕ್ಕೇ ನನ್ನ ಸಲಹೆ: ನೀರಿರುವುದನ್ನು ಮಾಡಿಡಬೇಡಿ, ಬೇಕಾದಾಗಲೇ ಮಾಡಿಕೊಳ್ಳಿ. ಲೋಳೆಸರದ ಎಲೆ ಕೊಯ್ದು, ಕೊಯ್ದ ತುದಿ ಕೆಳಗಾಗುವಂತೆ ನಿಲ್ಲಿಸಿದರೆ ಚರ್ಮ ಕೆರಳಿಸುವ ಹಳದಿ ರಸ ಇಳಿದುಹೋಗುತ್ತದೆ. ತೊಳೆದು, ಒಂದು ಚಮಚ ತಿರುಳು ತೆಗೆದು ಹಚ್ಚಿ, ಮಿಕ್ಕಿದ್ದನ್ನು ಚೆಲ್ಲಿ. ಹೆಸರುಹಿಟ್ಟನ್ನು ಒಣಗಿದ ಡಬ್ಬಿಯಲ್ಲಿ ಬಹಳ ದಿನ ಇಡಬಹುದು. ಮೊಸರು ಕಲೆಸುವುದು ಮಾತ್ರ ಅಂಗೈಯಲ್ಲಿ, ಹಚ್ಚುವ ಹೊತ್ತಿಗೆ.

ಮಾಡಿಡಲೇಬೇಕೆಂದಿದ್ದರೆ ನೀರಿಲ್ಲದ ಮುಲಾಮು ಮಾಡಿ. ತಕ್ಕಡಿಯಲ್ಲಿ ತೂಗಿ 80 ಗ್ರಾಂ ಕೊಬ್ಬರಿ ಎಣ್ಣೆ, 20 ಗ್ರಾಂ ಜೇನುಮೇಣ ತೆಗೆದುಕೊಳ್ಳಿ. ಕುದಿಯುವ ನೀರಿನ ಪಾತ್ರೆಯ ಮೇಲೆ ಒಣಗಿದ ಬಟ್ಟಲಿಟ್ಟು ಎರಡನ್ನೂ ಕರಗಿಸಿ, ಹಬೆಯ ಹನಿ ಒಳಗೆ ಬೀಳದಂತೆ ನೋಡಿಕೊಳ್ಳಿ. ಒಂದು ಹನಿಯನ್ನು ತಣ್ಣನೆಯ ಚಮಚಕ್ಕೆ ಬಿಟ್ಟು ಮುಟ್ಟಿ ನೋಡಿ: ಗಟ್ಟಿಯೆನಿಸಿದರೆ ಎಣ್ಣೆ, ಮೆತ್ತಗಿದ್ದರೆ ಮೇಣ ಸೇರಿಸಿ. ನಿಮ್ಮೂರಿನ ಬೇಸಿಗೆಗೆ 25 ಗ್ರಾಂ ಮೇಣ ಬೇಕಾದೀತು. ಒಲೆಯಿಂದಿಳಿಸಿದ ಮೇಲೆ ನಿಮ್ಮ ಕ್ಯಾಪ್ಸೂಲ್ ಒಡೆದು ಹಾಕಿ, ಅದಕ್ಕೆ ಇಲ್ಲಿ ನಿಜವಾಗಿಯೂ ಕೆಲಸವಿದೆ. ತುಟಿಗೆ, ಒಡೆದ ಹಿಮ್ಮಡಿಗೆ ಇದು ಒಳ್ಳೆಯದು. ಮೊಡವೆಯ ಮುಖಕ್ಕೆ ಬೇಡ. ಒದ್ದೆ ಬೆರಳು ಅದ್ದಬೇಡಿ, ಸ್ನಾನದ ಮನೆಯಲ್ಲಿ ಇಡಲೂಬೇಡಿ. ಕಮಟು ವಾಸನೆ ಬಂದರೆ ಎಣ್ಣೆ ಹಳೆಯದಾಯಿತೆಂದು ಅರ್ಥ.

ಇದಕ್ಕೆ ಲೋಳೆಸರದ ರಸವನ್ನೋ ರೋಸ್ ವಾಟರನ್ನೋ ಬೆರೆಸುವ ಆಸೆಯಾದೀತು. ಬೆರೆಸಿದರೆ ಮತ್ತೆ ಮೊದಲಿನ ಕಥೆಯೇ. ಹಳೆಯ ಕಾಲದವರು ದಾಸವಾಳದ ಎಲೆ, ಗರುಗದ ಸೊಪ್ಪು ಹಾಕಿ ತಲೆಗೆಣ್ಣೆ ಕಾಯಿಸುವಾಗ ಚಟಪಟ ಸದ್ದು, ನೊರೆ ಪೂರಾ ನಿಲ್ಲುವವರೆಗೆ ಒಲೆಯಿಂದ ಇಳಿಸುತ್ತಿರಲಿಲ್ಲ. ಸದ್ದು ನಿಂತರೆ ಸೊಪ್ಪಿನ ನೀರು ಆರಿದೆ ಎಂದರ್ಥ. ಹಸಿ ಸೊಪ್ಪನ್ನು ಸುಮ್ಮನೆ ಎಣ್ಣೆಯಲ್ಲಿ ನೆನೆಹಾಕುವ ಈಗಿನ ವಿಡಿಯೋಗಳನ್ನು ನಂಬಬೇಡಿ. ತಳದಲ್ಲಿ ನೀರು ನಿಂತು, ಅಲ್ಲಿಂದಲೇ ಬೂಷ್ಟು ಶುರುವಾಗುತ್ತದೆ.

ಓರಗಿತ್ತಿಗೆ ಈ ಮುಲಾಮು ಕೊಡಬಹುದು, ಡಬ್ಬಿಯ ಮೇಲೆ ಮಾಡಿದ ತಾರೀಕು ಬರೆದು ಕೊಡಿ. ಮುಂದೆ ಮಾರುವ ಯೋಚನೆಯಿದ್ದರೆ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕು.