ಐದು ಹಾಡು, ಒಂದೇ ದನಿ

ಪ್ರಶ್ನೆ: ಮಳೆಯ ಬಗ್ಗೆ ನಾನೇ ಬರೆದ ಐದು ಭಾವಗೀತೆಗಳಿಗೆ ಎಐನಿಂದ ಸಂಗೀತ ಮಾಡಿಸಿದೆ. ಒಂದೊಂದರಲ್ಲೂ ಗಾಯಕಿಯೇ ಬೇರೆ ಎನಿಸುತ್ತದೆ. ಇವನ್ನು ಒಂದು ಆಲ್ಬಂ ಆಗಿಸುವುದು ಹೇಗೆ?

ಉತ್ತರ: ಅದೇ ಸೂಚನೆ ಕೊಟ್ಟರೂ ಎಐ ಪ್ರತಿ ಸಲ ಹೊಸದಾಗಿಯೇ ಹಾಡು ಕಟ್ಟುತ್ತದೆ. ಹಾಗಾಗಿ ಸೂಚನೆಯೊಂದನ್ನೇ ನಂಬಬೇಡಿ. ಐದರಲ್ಲಿ ದನಿ ಸ್ಪಷ್ಟವಾಗಿರುವ, ಗುಂಗು ಅಂದರೆ ರಿವರ್ಬ್ ಕಡಿಮೆ ಇರುವ ಹಾಡನ್ನು ಆಧಾರವಾಗಿ ಆರಿಸಿ. ರಿವರ್ಬ್ ಆಮೇಲೆ ಸೇರಿಸಬಹುದು, ಬೆರೆತದ್ದನ್ನು ತೆಗೆಯುವುದು ಕಷ್ಟ. ಸುನೊದಂಥ ಸಾಧನಗಳಲ್ಲಿ ಒಂದು ಹಾಡಿನ ದನಿಯನ್ನೂ ಶೈಲಿಯನ್ನೂ ಉಳಿಸಿಕೊಂಡು ಮುಂದಿನದಕ್ಕೆ ಬಳಸುವ ಸೌಲಭ್ಯವಿದೆ. ಉಳಿದ ನಾಲ್ಕನ್ನೂ ಅದರಿಂದಲೇ ಮತ್ತೆ ಮಾಡಿಸಿ.

ಸೂಚನೆಯಲ್ಲಿ ‘ಮಧುರ’ ಎನ್ನುವ ಬದಲು ‘ಮಧ್ಯಮ ಸ್ಥಾಯಿಯ ಹೆಣ್ಣುದನಿ, ಕೊಳಲು, ತಬಲಾ, ಅಕೌಸ್ಟಿಕ್ ಗಿಟಾರ್’ ಎಂದು ಬರೆಯಿರಿ. ಈ ಸಾಲು ಐದರಲ್ಲೂ ಅಕ್ಷರಶಃ ಒಂದೇ ಇರಲಿ. ಲಯದ ವೇಗ, ಭಾವ ಮಾತ್ರ ಬದಲಾಗಲಿ.

ಬಳಿಕ ಗಾಯನ, ವಾದ್ಯಗಳನ್ನು ಬೇರೆಬೇರೆ ಸ್ಟೆಮ್‌ಗಳಾಗಿ ಇಳಿಸಿಕೊಂಡು, ಎಲ್ಲ ಗಾಯನಕ್ಕೂ ಒಂದೇ ರಿವರ್ಬ್ ಕೊಡಿ. ಗಟ್ಟಿತನವನ್ನು -14 LUFS ಆಸುಪಾಸಿಗೆ ತನ್ನಿ. ಮೆಲುದನಿಯ ಹಾಡು ತುಸು ಕೆಳಗಿದ್ದರೆ ಅಡ್ಡಿಯಿಲ್ಲ, ಗಾಯನದ ಮಟ್ಟ ಹೊಂದಿದರೆ ಸಾಕು.

ಕೊನೆಗೆ ಪ್ರತಿ ಹಾಡಿನ ಅಂತ್ಯದ ಹತ್ತು ಸೆಕೆಂಡನ್ನು ಮುಂದಿನದರ ಆರಂಭಕ್ಕೆ ಜೋಡಿಸಿ ಕೇಳಿ. ವಾಲ್ಯೂಮ್ ಗುಂಡಿಯತ್ತ ಕೈ ಹೋದರೆ ಗಟ್ಟಿತನ ತಿದ್ದಿ. ಗಾಯಕಿ ಬದಲಾದಂತೆ ಕೇಳಿಸಿದರೆ ಮಿಕ್ಸಿಂಗ್‌ನಿಂದ ಸರಿಹೋಗದು, ಆ ಹಾಡನ್ನು ಮತ್ತೆ ಮಾಡಿಸಿ.