ಸ್ಪ್ರಿಂಟಿನ ನಡುವೆ ನುಗ್ಗುವ ಕೆಲಸದ ಲೆಕ್ಕ

ಹೊಸದಾಗಿ ಟೀಮ್ ಲೀಡ್ ಆಗಿರುವ ತಂಗಿಗೆ,

ಸ್ಪ್ರಿಂಟ್ ಮುಗಿದಾಗಲೆಲ್ಲ ಒಪ್ಪಿಕೊಂಡಿದ್ದರಲ್ಲಿ ಒಂದಿಷ್ಟು ಉಳಿದುಹೋಗುತ್ತದೆ. ಕಾರಣ ಕೇಳಿದರೆ ಎಲ್ಲರೂ ಹೇಳುವುದು ಒಂದೇ, ‘ನಡುವೆ ಬೇರೆ ಕೆಲಸ ಬಂತು’ ಅಂತ. ಅದು ನಿಜವೇ ಇರಬಹುದು, ಆದರೆ ಎಷ್ಟು ಬಂತು ಎಂದು ಯಾರೂ ಎಣಿಸಿರುವುದಿಲ್ಲ. ನಾಲ್ಕೈದು ಸ್ಪ್ರಿಂಟ್ ಎಣಿಸಿ ನೋಡು. ಎಣಿಸುವಾಗ ಶೇಕಡಾವಾರು ಅಂಕಿಯನ್ನಷ್ಟೇ ನಂಬಬೇಡ, ಅದರ ಹಿಂದಿರುವ ದಿನಗಳನ್ನೂ ನೋಡು. ಈ ಪತ್ರದಲ್ಲಿ ಹೇಳಬೇಕೆಂದಿರುವುದು ಇಷ್ಟೇ.

ಮೊದಲು ಯಾವುದನ್ನು ಎಣಿಸಬೇಕೆಂದು ತೀರ್ಮಾನವಾಗಲಿ. ಪ್ಲಾನಿಂಗ್ ಮುಗಿದ ಮೇಲೆ ಹೊರಗಿನಿಂದ ಬಂದು, ಮುಂದಿನ ಸ್ಪ್ರಿಂಟಿನವರೆಗೆ ಕಾಯಲಾಗದೆ ಕೈಗೆತ್ತಿಕೊಂಡದ್ದು ಮಾತ್ರ ನಮ್ಮ ಲೆಕ್ಕಕ್ಕೆ: ಪ್ರೊಡಕ್ಷನ್ ಬಿದ್ದದ್ದು, ಗ್ರಾಹಕರ ತುರ್ತು ದೂರು, ಪಕ್ಕದ ಟೀಮಿಗೆ ಕೂತು ನೆರವಾದದ್ದು. ಎರಡು ದಿನ ಅಂದುಕೊಂಡ ಸ್ಟೋರಿ ನಾಲ್ಕು ದಿನ ಎಳೆದರೆ ಅದು ಅಂದಾಜಿನ ತಪ್ಪು. ಅದನ್ನು ಇಲ್ಲಿ ಸೇರಿಸಿದರೆ ಎರಡು ಬೇರೆ ರೋಗಗಳಿಗೆ ಒಂದೇ ಹೆಸರಿಟ್ಟಂತಾಗುತ್ತದೆ. ಜಿರಾದ ಸ್ಪ್ರಿಂಟ್ ರಿಪೋರ್ಟಿನಲ್ಲಿ ಸ್ಪ್ರಿಂಟ್ ಶುರುವಾದ ಮೇಲೆ ಸೇರಿದ ಟಿಕೆಟ್‌ಗೆ ನಕ್ಷತ್ರದ ಗುರುತು ಬೀಳುತ್ತದೆ. ಅದನ್ನೇ ಎಣಿಸಿದರೆ ಸಾಲದೇ ಅನ್ನಬಹುದು. ಸಾಲದು, ಬೇಗ ಮುಗಿಸಿದವರು ಬ್ಯಾಕ್‌ಲಾಗ್‌ನಿಂದ ತಾವಾಗಿ ಎಳೆದುಕೊಂಡ ಕೆಲಸಕ್ಕೂ ಅದೇ ನಕ್ಷತ್ರ ಬೀಳುತ್ತದಲ್ಲ. ಹಾಗಾಗಿ ಕೆಲಸ ಬಂದ ಕೂಡಲೇ ಒಂದು ಲೇಬಲ್ ಹಚ್ಚಿ, ಮುಗಿದಾಗ ಎಷ್ಟು ದಿನ ಹಿಡಿಯಿತೆಂದು ಅರ್ಧ ದಿನದ ಅಳತೆಯಲ್ಲಿ ಬರೆದಿಡಿ. ಆಮೇಲೆ ಹುಡುಕಲು ಇಷ್ಟು ಸಾಕು:

```
sprint = 41 AND labels = unplanned
```

ಈಗ ಒಂದು ಲೆಕ್ಕ ಮಾಡಿ ನೋಡೋಣ. ಆರು ಜನರ ಟೀಮ್, ಎರಡು ವಾರದ ಸ್ಪ್ರಿಂಟ್ ಎಂದುಕೊ. ಒಟ್ಟು 60 ಮಾನವ ದಿನ. ರಜೆ, ಮೀಟಿಂಗು ಕಳೆದರೆ ಕೈಗೆ ಸಿಗುವುದು ಸುಮಾರು 50. ಐದು ಸ್ಪ್ರಿಂಟ್‌ಗಳಲ್ಲಿ ನಿಜವಾಗಿ ಸಿಕ್ಕ ದಿನಗಳು 50, 48, 32, 50, 50. ನಡುವೆ ಬಂದ ಕೆಲಸ ತಿಂದದ್ದು 10, 12, 11, 9, 13. ಶೇಕಡಾವಾರು ಬರೆದರೆ 20, 25, 34, 18, 26. ಮೀಟಿಂಗಿನಲ್ಲಿ ಎಲ್ಲರ ಕಣ್ಣು ಮೂರನೆಯ ಸ್ಪ್ರಿಂಟಿನ ಮೇಲೇ ಬೀಳುತ್ತದೆ, ಅಲ್ಲೇನೋ ಅನಾಹುತವಾಗಿದೆ ಎಂದು ಹುಡುಕಾಟ ಶುರುವಾಗುತ್ತದೆ. ಆಗಿರುವುದು ಇಷ್ಟೇ: ದೀಪಾವಳಿಗೆ ಅರ್ಧ ಟೀಮ್ ಊರಿಗೆ ಹೋಗಿತ್ತು. ಬಂದ ಕೆಲಸ ಎಂದಿನಂತೆ 11 ದಿನದ್ದೇ, ಕುಗ್ಗಿದ್ದು ಛೇದ. ನೀವು ರಜೆ ಹಾಕಿದಿರೆಂದು ಸರ್ವರ್ ಕೆಡುವುದನ್ನು ನಿಲ್ಲಿಸುವುದಿಲ್ಲ, ಗ್ರಾಹಕರೂ ಕರೆ ಮಾಡುವುದನ್ನು ಬಿಡುವುದಿಲ್ಲ.

ಶೇಕಡಾವಾರು ಅಂಕಿ ಎಡವಿಸುವುದು ಇಲ್ಲೇ. ಐದನ್ನೂ ಒಟ್ಟು ಮಾಡಿದರೆ 230ಕ್ಕೆ 55, ಅಂದರೆ ಶೇ 24. ನಮ್ಮ ಸಾಮರ್ಥ್ಯದ ಕಾಲು ಭಾಗ ಹೀಗೆ ಹೋಗುತ್ತಿದೆ ಎಂದು ಮ್ಯಾನೇಜರ್‌ಗೆ ತೋರಿಸಲು ಆ ಅಂಕಿ ಬೇಕೇ ಬೇಕು. ಆದರೆ ಪ್ಲಾನಿಂಗ್‌ನಲ್ಲಿ ಅದನ್ನೇ ಹಿಡಿದು, 32 ದಿನದ ಸ್ಪ್ರಿಂಟಿನಲ್ಲಿ ಕಾಲು ಭಾಗವೆಂದು 8 ದಿನ ಎತ್ತಿಟ್ಟರೆ 3 ದಿನ ಕಡಿಮೆ ಬೀಳುತ್ತದೆ. ಎತ್ತಿಡಬೇಕಾದ್ದು ದಿನಗಳನ್ನು. ಈ ಟೀಮಿಗೆ ಐದು ಸ್ಪ್ರಿಂಟಿನ ಸರಾಸರಿ 11 ದಿನ, ಕೈಗೆ 50 ಸಿಗಲಿ 32 ಸಿಗಲಿ. ಮಿಕ್ಕ 39 ಅಥವಾ 21 ದಿನಕ್ಕಷ್ಟೇ ಮಾತು ಕೊಡಬೇಕು. ಹೊಸಬರು ಬಂದು ಟೀಮ್ ದೊಡ್ಡದಾದರೂ ಇದೇ ನಿಯಮ. ಜೊತೆಗೆ ಹೊಸ ಸಿಸ್ಟಮ್ಮಿನ ಹೊಣೆಯೂ ಬಂತೆಂದರೆ ಮಾತ್ರ ಹಳೆಯ ಅಂಕಿ ಬಿಟ್ಟು ಮತ್ತೆ ಎಣಿಸು.

ಜಾಗ ಬಿಟ್ಟರೆ ಅದು ತುಂಬಿಯೇ ತುಂಬುತ್ತದೆ ಎನ್ನುವವರು ನಿನಗೆ ಸಿಗುತ್ತಾರೆ. ಅವರ ಮಾತು ಪೂರ್ತಿ ಸುಳ್ಳೇನಲ್ಲ, ಬಾಗಿಲಲ್ಲಿ ಯಾರೂ ಇಲ್ಲದಿದ್ದರೆ ತುಂಬುತ್ತದೆ. ಜೆಫ್ ಸದರ್ಲೆಂಡ್ ಸ್ಕ್ರಮ್‌ಗೆ ಹೇಳಿದ ಇಂಥದೇ ವಿಧಾನದಲ್ಲಿ ನಡುವೆ ಬರುವ ಪ್ರತಿ ಕೋರಿಕೆಯೂ ಪ್ರಾಡಕ್ಟ್ ಓನರ್ ಮೂಲಕವೇ ಬರಬೇಕು, ಎತ್ತಿಟ್ಟ ಪಾಲು ತುಂಬಿ ಹರಿದರೆ ಸ್ಪ್ರಿಂಟನ್ನೇ ನಿಲ್ಲಿಸಿ ಮರುಯೋಜನೆ ಮಾಡಬೇಕು. ಎರಡನೆಯ ಭಾಗ ಕಠಿಣವೆನಿಸಬಹುದು, ಮೊದಲನೆಯದನ್ನಂತೂ ಬಿಡಬೇಡ. ದಿನಗಳು ಮಿಕ್ಕರೆ ಬ್ಯಾಕ್‌ಲಾಗ್‌ನ ಮೇಲಿನದನ್ನು ಎಳೆದುಕೊಂಡರಾಯಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಐದು ನಿಮಿಷದ ಚಾಟ್, ‘ಒಂದ್ನಿಮಿಷ’ ಎಂದು ಬರುವ ಕರೆ, ಇವು ಯಾವ ಟಿಕೆಟ್‌ಗೂ ಹತ್ತುವುದಿಲ್ಲ. ಹೌದು, ಮುರಿದ ಏಕಾಗ್ರತೆ ಮರಳಿ ಕೂಡಲು ಹಿಡಿದ ಹೊತ್ತೂ ಹತ್ತುವುದಿಲ್ಲ. ಅವನ್ನೆಲ್ಲ ಬರೆಸಲು ಹೋದರೆ ಬರೆಯುವುದೇ ಇನ್ನೊಂದು ಅಡಚಣೆ. ಅರ್ಧ ಗಂಟೆಗಿಂತ ಚಿಕ್ಕದಕ್ಕೆ ಬೋರ್ಡಿನ ಮೂಲೆಯಲ್ಲಿ ಒಂದು ಗೀಟು ಸಾಕು, ಯಾರ ಹೆಸರೂ ಬೇಡ. ಹೆಸರು ಬಂತೋ, ಎಣಿಕೆ ಹಾಜರಿ ಪುಸ್ತಕವಾಗುತ್ತದೆ. ಇವು ಲೆಕ್ಕದ ಹೊರಗೇ ಉಳಿಯುವುದರಿಂದ ಆ ಶೇ 24ನ್ನು ಕನಿಷ್ಠವೆಂದೇ ಓದು.

ಅಂಕಿ ಕೆಡುತ್ತಿರುವುದು ಗೊತ್ತಾಗಲು ಲೇಬಲ್ ಹಚ್ಚಿದ ದಿನ ನೋಡು. ಸ್ಪ್ರಿಂಟಿನ ಕೊನೆಯ ಮಧ್ಯಾಹ್ನ ಒಟ್ಟಿಗೆ ಲೇಬಲ್‌ಗಳು ಬಿದ್ದಿದ್ದರೆ, ಉಳಿದ ಕೆಲಸಕ್ಕೆ ನೆಪ ಹುಡುಕಲಾಗುತ್ತಿದೆ ಎಂದರ್ಥ. ಹಾಗೆಯೇ 11 ದಿನಗಳಲ್ಲಿ 6 ಒಂದೇ ರಿಪೋರ್ಟ್ ಜಾಬ್ ಮತ್ತೆ ಮತ್ತೆ ಬಿದ್ದದ್ದಕ್ಕೆ ಹೋಗಿದ್ದರೆ, ಅದನ್ನು ಸರಿಪಡಿಸುವುದನ್ನು ಮುಂದಿನ ಪ್ಲಾನಿಂಗ್‌ನಲ್ಲಿ ಮೊದಲ ಸ್ಟೋರಿಯಾಗಿ ಇಡು. ಆ ಸ್ಪ್ರಿಂಟಿಗೂ 11 ದಿನ ಎತ್ತಿಟ್ಟೇ ಇರು. ಕಡಿಮೆ ಮಾಡುವುದು ಮುಂದಿನ ಎರಡು ಮೂರು ಸ್ಪ್ರಿಂಟ್‌ಗಳ ಅಂಕಿ ಇಳಿದದ್ದು ಕಂಡ ಮೇಲೆ.

ಇಂತಿ,
ನಿನ್ನ ಹಿರಿಯ ಸಹೋದ್ಯೋಗಿ